ಈ ಹೊಲ ಗಂಟೆಗೆ ಎಷ್ಟು ನೀರು ಕುಡಿಯುತ್ತದೆ?

ಬೇಸಿಗೆಯಲ್ಲಿ ಕಾದು ಒಣಗಿದ ಕೆಂಪು ಮಣ್ಣಿನ ಮೇಲೆ ಒಂದು ಕೊಡ ನೀರು ಸುರಿದರೆ ನೋಡನೋಡುತ್ತಲೇ ಇಂಗಿಹೋಗುತ್ತದೆ. ಅದೇ ಜಾಗಕ್ಕೆ ಕೊಡದ ಮೇಲೆ ಕೊಡ ಸುರಿಯುತ್ತಾ ಹೋದರೆ ಸ್ವಲ್ಪ ಹೊತ್ತಿಗೆ ನೀರು ನಿಲ್ಲತೊಡಗುತ್ತದೆ. ಮಣ್ಣು ಅದೇ, ನೀರು ಅದೇ, ಇಂಗುವ ವೇಗ ಮಾತ್ರ ಬೇರೆ. ಹೀಗಿರುವಾಗ ‘ಈ ಹೊಲದಲ್ಲಿ ಗಂಟೆಗೆ ಎಷ್ಟು ಮಿಲಿಮೀಟರ್ ನೀರು ಇಂಗುತ್ತದೆ?’ ಎಂದು ಕೇಳಿದರೆ ಒಂದೇ ಅಂಕಿಯಲ್ಲಿ ಉತ್ತರ ಹೇಳಲು ಬರುವುದಿಲ್ಲ. ಆದರೂ ಕೃಷಿ ಹೊಂಡದ ಅಳತೆ ಹಾಕುವವರು, ಬದು ನಿರ್ಮಿಸುವವರು, ಇಂಗುಗುಂಡಿ ತೋಡುವವರು ಎಲ್ಲರೂ ಆ ಒಂದೇ ಅಂಕಿಯನ್ನು ಕೇಳುತ್ತಾರೆ. ನಮೂನೆಯಲ್ಲಿ ಅದಕ್ಕೆ ಒಂದೇ ಒಂದು ಖಾನೆ ಇರುತ್ತದೆ. ನಿಜವಾಗಿ ಬೇಕಾದದ್ದು ಅಂಕಿಯಲ್ಲ, ಹೊತ್ತು ಕಳೆದಂತೆ ವೇಗ ಹೇಗೆ ಇಳಿಯಿತು ಎಂದು ತೋರಿಸುವ ಇಡೀ ಗೆರೆ. ಆ ಗೆರೆಯನ್ನು ಹೊಲದಲ್ಲೇ ಹಿಡಿಯುವ ಸಾಧನ ಡಬಲ್ ರಿಂಗ್ ಇನ್‌ಫಿಲ್ಟ್ರೋಮೀಟರ್. ಹೆಸರು ದೊಡ್ಡದು, ಸಾಮಾನು ಸರಳ: ತಳವಿಲ್ಲದ ಎರಡು ಉಕ್ಕಿನ ರಿಂಗುಗಳು, ಒಂದು ಅಳತೆಪಟ್ಟಿ, ಒಂದು ಗಡಿಯಾರ, ಒಂದು ಡ್ರಮ್ ನೀರು.

ವೇಗ ಇಳಿಯುವುದೇಕೆ ಎಂಬುದನ್ನು ಮೊದಲು ನೋಡೋಣ. ಒಣ ಮಣ್ಣಿನಲ್ಲಿ ನೀರನ್ನು ಕೆಳಗೆ ಒಯ್ಯುವ ಬಲಗಳು ಎರಡು. ಒಂದು ಭೂಮಿಯ ಸೆಳೆತ, ಅದು ಸದಾ ಒಂದೇ ಸಮ. ಇನ್ನೊಂದು ಮಣ್ಣಿನ ಸಣ್ಣ ಸಣ್ಣ ರಂಧ್ರಗಳು ನೀರನ್ನು ಹೀರುವ ಬಲ. ಮೇಲ್ಪದರ ಮಾತ್ರ ತೊಯ್ದು, ಅದರ ಒಂದೆರಡು ಸೆಂಟಿಮೀಟರ್ ಕೆಳಗೆ ಮಣ್ಣು ಇನ್ನೂ ಒಣಗಿರುವಾಗ ಈ ಹೀರುವಿಕೆ ಬಹಳ ಜೋರಾಗಿರುತ್ತದೆ. ತೇವ ಆಳಕ್ಕಿಳಿದಂತೆ ಅದೇ ಹೀರುವ ಬಲ ಹೆಚ್ಚು ದಪ್ಪದ ತೊಯ್ದ ಪದರದ ಮೂಲಕ ನೀರನ್ನು ಎಳೆಯಬೇಕಾಗುತ್ತದೆ, ಹಾಗಾಗಿ ಅದರ ಪಾಲು ಕುಗ್ಗುತ್ತದೆ. ಕೊನೆಗೆ ಹೆಚ್ಚುಕಡಿಮೆ ಭೂಮಿಯ ಸೆಳೆತವೊಂದೇ ಉಳಿಯುತ್ತದೆ. ಆಗ ವೇಗ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದನ್ನು ಸ್ಥಿರ ಇಂಗುದರ ಎನ್ನುತ್ತಾರೆ. ಮರಳು ಮಣ್ಣಿನಲ್ಲಿ ಅದು ಗಂಟೆಗೆ 30 ಮಿ.ಮೀ. ದಾಟಬಹುದು, ಜಿಗುಟು ಎರೆ ಮಣ್ಣಿನಲ್ಲಿ 1ರಿಂದ 5 ಮಿ.ಮೀ.ಗೆ ಇಳಿಯಬಹುದು.

ರಿಂಗು ಎರಡೇಕೆ? ಒಂದೇ ರಿಂಗನ್ನು ನೆಲಕ್ಕೆ ಊರಿ ನೀರು ತುಂಬಿದರೆ, ರಿಂಗಿನ ತಳ ದಾಟಿದ ನೀರು ಕೆಳಕ್ಕೆ ಮಾತ್ರ ಹೋಗುವುದಿಲ್ಲ, ಸುತ್ತಲಿನ ಒಣ ಮಣ್ಣು ಅದನ್ನು ಪಕ್ಕಕ್ಕೂ ಎಳೆಯುತ್ತದೆ. ನಾವು ಅಳೆಯುವುದು ಆಗ ಕೆಳಗಿಳಿದದ್ದು ಮತ್ತು ಪಕ್ಕಕ್ಕೆ ಸರಿದದ್ದು ಎರಡರ ಮೊತ್ತ. ಮಳೆಯಲ್ಲಿ ಇಡೀ ಹೊಲ ತೊಯ್ಯುವುದರಿಂದ ಪಕ್ಕಕ್ಕೆ ಸರಿಯುವ ಪ್ರಶ್ನೆಯೇ ಇರುವುದಿಲ್ಲ. ಅದಕ್ಕೇ 30 ಸೆಂ.ಮೀ. ವ್ಯಾಸದ ರಿಂಗಿನ ಸುತ್ತ 60 ಸೆಂ.ಮೀ. ವ್ಯಾಸದ ಇನ್ನೊಂದನ್ನು ಇಡುತ್ತಾರೆ. ಎರಡರಲ್ಲೂ ನೀರು ನಿಲ್ಲಿಸಿದರೆ ಪಕ್ಕಕ್ಕೆ ಸರಿಯುವ ಕೆಲಸವನ್ನು ಹೊರಗಿನ ನೀರು ಹೊತ್ತುಕೊಳ್ಳುತ್ತದೆ, ಒಳಗಿನದು ಬಹುಮಟ್ಟಿಗೆ ನೇರ ಕೆಳಗಿಳಿಯುತ್ತದೆ. ಅಳೆಯುವುದು ಒಳಗಿನದನ್ನು ಮಾತ್ರ. ‘ಬಹುಮಟ್ಟಿಗೆ’ ಎಂಬ ಮಾತನ್ನು ಮರೆಯಬಾರದು. ತುಂಬಾ ಒಣಗಿದ ಮಣ್ಣಿನಲ್ಲಿ ಹೊರಗಿನ ರಿಂಗು ಪಕ್ಕದ ಹರಿವನ್ನು ಕಡಿಮೆ ಮಾಡುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

ಪರೀಕ್ಷೆ ಕೆಡುವುದು ಹೆಚ್ಚಾಗಿ ರಿಂಗನ್ನು ಊರುವಾಗ. ರಿಂಗಿನ ಮೇಲೆ ದಪ್ಪ ಹಲಗೆ ಅಡ್ಡ ಇಟ್ಟು, ಸುತ್ತಿಗೆಯ ಪೆಟ್ಟು ಹಲಗೆಯ ನಡುವಿಗೆ ಬೀಳುವಂತೆ, ಹಲಗೆಯನ್ನು ಆಗಾಗ ತಿರುಗಿಸುತ್ತಾ ಹೊಡೆಯಬೇಕು. ಒಂದು ಪಕ್ಕ ಮೊದಲು, ಇನ್ನೊಂದು ಪಕ್ಕ ಆಮೇಲೆ ಎಂದು ಹೊಡೆದರೆ ರಿಂಗು ಓಲಾಡುತ್ತಾ ಇಳಿಯುತ್ತದೆ. ಅದರ ಗೋಡೆಗೂ ಮಣ್ಣಿಗೂ ನಡುವೆ ಸಂದು ಬಿಡುತ್ತದೆ. ನೀರು ಆ ಸಂದಿನಲ್ಲಿ ಇಳಿಯುವುದನ್ನು ಇಂಗುವಿಕೆ ಎಂದು ಬರೆದುಕೊಳ್ಳುತ್ತೇವೆ. ಸುಮಾರು 10 ಸೆಂ.ಮೀ. ಆಳಕ್ಕೆ ಎರಡೂ ರಿಂಗುಗಳು ಸಮತಟ್ಟಾಗಿ ಇಳಿದ ಮೇಲೆ ಒಳಗೋಡೆಯ ಬುಡದಲ್ಲಿ ಸಡಿಲವಾದ ಮಣ್ಣನ್ನು ಬೆರಳಲ್ಲಿ ಒತ್ತಿ ಕೂರಿಸಬೇಕು. ಕಲ್ಲು ಸಿಕ್ಕಿದರೆ ಬಲವಂತ ಮಾಡದೆ ಒಂದು ಮಾರು ಆಚೆ ಹೊಸ ಜಾಗ ಹುಡುಕುವುದು ಮೇಲು. ಹುಲ್ಲಿದ್ದರೆ ಕೀಳಬಾರದು, ನೆಲಮಟ್ಟಕ್ಕೆ ಕತ್ತರಿಸಬೇಕು. ಬೇರು ಕಿತ್ತುಬಂದರೆ ಅದು ಬಿಟ್ಟ ತೂತಿನಲ್ಲಿ ನೀರು ದಾರಿ ಮಾಡಿಕೊಳ್ಳುತ್ತದೆ.

ನೀರು ಸುರಿಯುವ ಮೊದಲು ಒಳಗಡೆ ಒಂದು ಗೋಣಿತಾಟೋ ಪ್ಲಾಸ್ಟಿಕ್ ಹಾಳೆಯೋ ಹಾಸಬೇಕು. ಇಲ್ಲದಿದ್ದರೆ ನೀರಿನ ಹೊಡೆತಕ್ಕೆ ಮೇಲ್ಮಣ್ಣು ಕದಡಿ, ನುಣ್ಣನೆಯ ಕಣಗಳು ರಂಧ್ರಗಳಲ್ಲಿ ಕೂತುಬಿಡುತ್ತವೆ. ಕೆಸರು ನೀರೂ ಅದೇ ಕೆಲಸ ಮಾಡುತ್ತದೆ. ಸೋಡಿಯಂ ಹೆಚ್ಚಿರುವ ಬೋರ್‌ವೆಲ್ ನೀರು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಮಣ್ಣಿನ ಬಾಯಿ ಕಟ್ಟುತ್ತದೆ, ಆ ಹೊಲಕ್ಕೆ ಹಾಯುವ ನೀರು ಅದಲ್ಲದಿದ್ದರೆ ಅದನ್ನು ಬಳಸಬಾರದು. ಹೊರಗಿನ ರಿಂಗನ್ನು ಮೊದಲು ತುಂಬಿ, ಆಮೇಲೆ ಒಳಗಿನದನ್ನು ಸುಮಾರು 10 ಸೆಂ.ಮೀ. ಎತ್ತರಕ್ಕೆ ತುಂಬಿ, ಹಾಳೆ ಮೆಲ್ಲಗೆ ಎಳೆದು ಗಡಿಯಾರ ಶುರು ಮಾಡಬೇಕು. ಅಲ್ಲಿಂದಾಚೆಗೆ ಎರಡರಲ್ಲೂ ಮಟ್ಟ ಒಂದೇ ಇರುವಂತೆ ಕಾಯುವುದು ಮುಖ್ಯ. ಹೊರಗಿನ ನೀರು ಯಾವಾಗಲೂ ಬೇಗ ಇಳಿಯುತ್ತದೆ. ಅದು ತಗ್ಗಿದರೆ ಒಳಗಿನ ನೀರು ರಿಂಗಿನ ತಳದಡಿಯಿಂದ ಹೊರಕ್ಕೆ ನುಸುಳಿ ರೀಡಿಂಗ್ ಸುಳ್ಳೇ ಹೆಚ್ಚಾಗುತ್ತದೆ. ಒಳಗೆ ಎರಡು ಮೂರು ಸೆಂ.ಮೀ. ಇಳಿದಾಗ ಮತ್ತೆ ಗುರುತಿನವರೆಗೆ ತುಂಬಿ, ತುಂಬುವ ಮೊದಲಿನ ಮಟ್ಟ ಮತ್ತು ತುಂಬಿದ ಮೇಲಿನ ಮಟ್ಟ ಎರಡನ್ನೂ ಬರೆದಿಡಬೇಕು. ಮೂರು ಗಂಟೆಯ ಪರೀಕ್ಷೆಗೆ ನೂರು ಲೀಟರ್ ನೀರು ಕೈಯಳತೆಯಲ್ಲಿ ಇರುವುದು ಒಳ್ಳೆಯದು.

ಈಗ ಲೆಕ್ಕಕ್ಕೆ ಬರೋಣ. ಕೋಲಾರದ ಕಡೆಯ ರಾಗಿ ಹೊಲಗಳ ಮರಳುಮಿಶ್ರಿತ ಕೆಂಪು ಮಣ್ಣಿನಲ್ಲಿ, ಬಿತ್ತನೆಗೆ ಮುಂಚೆ, ಒಣ ನೆಲದಲ್ಲಿ ಬರಬಹುದಾದಂಥ ರೀಡಿಂಗ್‌ಗಳನ್ನು ಮಾದರಿಯಾಗಿ ಇಟ್ಟುಕೊಳ್ಳೋಣ. ಮೊದಲ ಸಾಲು ಹೊತ್ತು, ಎರಡನೆಯದು ಶುರುವಿನಿಂದ ಇಂಗಿದ ಒಟ್ಟು ಆಳ, ಮೂರನೆಯದು ಹಿಂದಿನ ರೀಡಿಂಗಿನಿಂದ ಈಚೆಗೆ ಇಂಗಿದ ವೇಗ.

| ಹೊತ್ತು (ನಿಮಿಷ) | ಒಟ್ಟು ಇಂಗಿದ್ದು (ಮಿ.ಮೀ.) | ವೇಗ (ಗಂಟೆಗೆ ಮಿ.ಮೀ.) |
|---|---|---|
| 5 | 7 | 84 |
| 10 | 13 | 72 |
| 20 | 22 | 54 |
| 30 | 29 | 42 |
| 45 | 37 | 32 |
| 60 | 43 | 24 |
| 90 | 54 | 22 |
| 120 | 64 | 20 |
| 150 | 74 | 20 |
| 180 | 84 | 20 |

ವೇಗ ತೆಗೆಯುವುದು ಸುಲಭ. 20ನೇ ನಿಮಿಷದಿಂದ 30ನೇ ನಿಮಿಷದವರೆಗೆ 7 ಮಿ.ಮೀ. ಇಳಿದಿದೆ, ಹತ್ತು ನಿಮಿಷಕ್ಕೆ 7 ಎಂದರೆ ಗಂಟೆಗೆ 42. ಆದರೆ ಇದು ಆ ಹತ್ತು ನಿಮಿಷದ ಸರಾಸರಿ, 30ನೇ ನಿಮಿಷದ ವೇಗ ಅಲ್ಲ. ಗ್ರಾಫಿನಲ್ಲಿ ಇದನ್ನು 25ನೇ ನಿಮಿಷದ ಮೇಲೆ ಚುಕ್ಕಿಯಿಡಬೇಕು. ಅವಧಿಯ ಕೊನೆಗೆ ಚುಕ್ಕಿಯಿಟ್ಟರೆ ಇಡೀ ಗೆರೆ ಬಲಕ್ಕೆ ಜರುಗುತ್ತದೆ.

ಅರ್ಧ ಗಂಟೆಗೇ ಸಾಮಾನು ಕಟ್ಟಿಕೊಂಡು ಹೊರಟರೆ ಏನಾಗುತ್ತಿತ್ತು ಎಂದು ಪಟ್ಟಿಯೇ ಹೇಳುತ್ತದೆ. ಕೊನೆಯ ವೇಗ 42 ಎಂದು ಬರೆದುಬಿಡುತ್ತಿದ್ದೆವು, ನಿಜವಾದ ಸ್ಥಿರ ದರದ ಎರಡು ಪಟ್ಟಿಗೂ ಹೆಚ್ಚು. ಬಿಸಿಲಲ್ಲಿ ಕೂತು ಕಾಯುವ ಬೇಸರಕ್ಕೆ ಪರೀಕ್ಷೆಯನ್ನು ಬೇಗ ಮುಗಿಸುವುದು ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಳವಳಗೊಳಿಸುವ ಸಂಗತಿ. ಅಂಕಿ ತಪ್ಪೆಂದು ಆಮೇಲೆ ಯಾರಿಗೂ ತಿಳಿಯುವುದಿಲ್ಲ. ಒಂದರ ಹಿಂದೊಂದು ಮೂರು ಅವಧಿಗಳಲ್ಲಿ ವೇಗ ಬದಲಾಗದಿದ್ದರೆ ಮಾತ್ರ ನಿಲ್ಲಿಸಬಹುದು. ಅಳತೆಯ ತಪ್ಪನ್ನೂ ಇಲ್ಲಿ ನೆನಪಿಡಬೇಕು. ಅಳತೆಪಟ್ಟಿ ನೋಡುವಾಗ ಒಂದು ಮಿ.ಮೀ. ಆಚೀಚೆ ಆದರೆ, ಐದು ನಿಮಿಷದ ಅವಧಿಯಲ್ಲಿ ಅದು ಗಂಟೆಗೆ 12 ಮಿ.ಮೀ. ತಪ್ಪಾಗುತ್ತದೆ, ಅರ್ಧ ಗಂಟೆಯ ಅವಧಿಯಲ್ಲಿ 2 ಮಿ.ಮೀ. ಮಾತ್ರ. ಆದ್ದರಿಂದ ಮೊದಮೊದಲು ಬೇಗಬೇಗ ನೋಡಿ, ಆಮೇಲೆ ಅವಧಿಯನ್ನು ಉದ್ದಮಾಡುತ್ತಾ ಹೋಗುವುದು.

ಹತ್ತು ಚುಕ್ಕಿಗಳ ಮೂಲಕ ಒಂದು ಗೆರೆ ಎಳೆಯಬೇಕಾದರೆ ಅದಕ್ಕೊಂದು ಸೂತ್ರ ಬೇಕು. ಹಲವು ಸೂತ್ರಗಳಿವೆ. ಅಮೆರಿಕದ ಜಲವಿಜ್ಞಾನಿ ರಾಬರ್ಟ್ ಹಾರ್ಟನ್ 1930ರ ದಶಕದಲ್ಲಿ ಬೆಳೆಸಿದ ಸೂತ್ರ ಓದುಗರಿಗೆ ಸುಲಭವಾಗಿ ಹಿಡಿತಕ್ಕೆ ಸಿಗುತ್ತದೆ:

f = fc + (f0 − fc) · e^(−kt)

f0 ಎಂದರೆ ಶುರುವಿನ ವೇಗ, fc ಕೊನೆಯ ಸ್ಥಿರ ವೇಗ, k ಎಂಬುದು ಮೊದಲಿನಿಂದ ಕೊನೆಯದಕ್ಕೆ ಎಷ್ಟು ಬೇಗ ಇಳಿಯಿತು ಎಂಬುದರ ಅಳತೆ, t ಗಂಟೆಯಲ್ಲಿ ಹೊತ್ತು. ಸ್ಥಿರ ವೇಗಕ್ಕಿಂತ ಮೇಲಿರುವ ಹೆಚ್ಚುವರಿ ಭಾಗ, ಸಮಾನ ಹೊತ್ತಿನಲ್ಲಿ ಸಮಾನ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದಷ್ಟೇ ಈ ಸೂತ್ರದ ಮಾತು.

ಇದನ್ನು ಹೊಂದಿಸುವ ಹಳೆಯ ರೀತಿ ಹೀಗೆ. ಪಟ್ಟಿಯ ಕೊನೆಯಿಂದ fc = 20 ಎಂದು ಹಿಡಿದು, ಪ್ರತಿ ವೇಗದಿಂದ 20 ಕಳೆಯಿರಿ: 64, 52, 34, 22, 12, 4, 2. ಇವುಗಳ ಲಾಗರಿದಮ್ ತೆಗೆದು ಹೊತ್ತಿನ ಎದುರಿಗೆ ಚುಕ್ಕಿಯಿಟ್ಟರೆ, ಸೂತ್ರ ಈ ಮಣ್ಣಿಗೆ ಒಗ್ಗುವುದಾದರೆ ಚುಕ್ಕಿಗಳು ಒಂದು ನೇರ ಗೆರೆಯ ಮೇಲೆ ಬರಬೇಕು. ಬರುತ್ತವೆ. ಗೆರೆಯ ಇಳಿಜಾರಿನಿಂದ k ಸುಮಾರು 3 ಎಂದೂ, ಗೆರೆ ಶುರುವಾಗುವ ಎತ್ತರದಿಂದ ಹೆಚ್ಚುವರಿ ಭಾಗ 73 ಎಂದೂ ಸಿಗುತ್ತದೆ. ಹಾಗಾಗಿ f0 = 93. ನಮ್ಮ ಹೊಲದ ಗೆರೆ: f = 20 + 73·e^(−3t).

ಈ ರೀತಿಯಲ್ಲಿ ಒಂದು ಗುಂಡಿ ಅಡಗಿದೆ. fc ಅನ್ನು ನಾವು ಕಣ್ಣಂದಾಜಿನಲ್ಲಿ ಹಿಡಿದೆವು. ಅದನ್ನು 20ರ ಬದಲು 21 ಎಂದು ಹಿಡಿದಿದ್ದರೆ? ಬರೀ ಒಂದು ಮಿ.ಮೀ. ವ್ಯತ್ಯಾಸ. ಆದರೆ ಆಗ k ಮೂರರಿಂದ ಮೂರೂವರೆಗೆ ಏರುತ್ತದೆ, f0 ಸುಮಾರು 102 ಆಗುತ್ತದೆ. ಕಾರಣ ಇಷ್ಟೇ: 90ನೇ ನಿಮಿಷದ ಅವಧಿಯಲ್ಲಿ 22ರಿಂದ 20 ಕಳೆದರೆ 2, 21 ಕಳೆದರೆ 1. ಲಾಗರಿದಮ್‌ಗೆ 2ಕ್ಕೂ 1ಕ್ಕೂ ಇರುವ ದೂರ 64ಕ್ಕೂ 32ಕ್ಕೂ ಇರುವಷ್ಟೇ. ಅಳತೆಯ ತಪ್ಪಿನೊಳಗೇ ಮುಳುಗಿರುವ ಬಾಲದ ಚುಕ್ಕಿಗಳು ಇಡೀ ಗೆರೆಯನ್ನು ತಮ್ಮತ್ತ ಎಳೆದುಬಿಡುತ್ತವೆ.

ಇದಕ್ಕೆ ಪರಿಹಾರ, ವೇಗವನ್ನು ಬಿಟ್ಟು ಒಟ್ಟು ಇಂಗಿದ ಆಳಕ್ಕೇ ಸೂತ್ರ ಹೊಂದಿಸುವುದು. ನಾವು ಕಣ್ಣಾರೆ ಕಂಡದ್ದು ಆಳವನ್ನೇ, ವೇಗ ನಾವು ಭಾಗಿಸಿ ತೆಗೆದದ್ದು. ಹಾರ್ಟನ್ ಸೂತ್ರವನ್ನು ಶುರುವಿನಿಂದ ಕೂಡಿಸುತ್ತಾ ಬಂದರೆ ಒಟ್ಟು ಆಳ ಹೀಗಾಗುತ್ತದೆ:

F = fc·t + ((f0 − fc)/k) · (1 − e^(−kt))

ಸ್ಪ್ರೆಡ್‌ಶೀಟಿನಲ್ಲಿ ಮೂರು ಅಂಕಿಗಳನ್ನೂ ಸಡಿಲ ಬಿಟ್ಟು, ಅಳೆದ ಆಳಕ್ಕೂ ಸೂತ್ರದ ಆಳಕ್ಕೂ ಇರುವ ವ್ಯತ್ಯಾಸದ ವರ್ಗಗಳ ಮೊತ್ತ ಅತಿ ಕಡಿಮೆ ಆಗುವಂತೆ Solver ಓಡಿಸಿದರೆ ಸಾಕು. ಅಷ್ಟು ಮಾಡುವ ಮುಂಚೆಯೇ ಕೈಲೆಕ್ಕದಲ್ಲಿ ಪರಖಿಸಬಹುದು. 20, 93, 3 ಎಂಬ ನಮ್ಮ ಮೊದಲ ಅಂಕಿಗಳು 10ನೇ ನಿಮಿಷಕ್ಕೆ 12.9, ಒಂದು ಗಂಟೆಗೆ 43.1, ಮೂರು ಗಂಟೆಗೆ 84.3 ಮಿ.ಮೀ. ಕೊಡುತ್ತವೆ. ಅಳೆದದ್ದು 13, 43, 84. ಎರಡನೆಯ ಅಂಕಿಗಳು ಮೂರು ಗಂಟೆಗೆ ಸುಮಾರು 86 ಕೊಡುತ್ತವೆ. ಎರಡು ಮಿ.ಮೀ. ಹೆಚ್ಚು ಎಂಬುದು ತಕ್ಷಣ ಕಣ್ಣಿಗೆ ಬೀಳುತ್ತದೆ.

ಬೇರೆ ಸೂತ್ರ ಬೇಡವೇ? ಸೋವಿಯತ್ ವಿಜ್ಞಾನಿ ಕೊಸ್ಟಿಯಾಕೊವ್ 1932ರಲ್ಲಿ ಕೊಟ್ಟ F = a·t^b ಇನ್ನೂ ಸರಳ, ನೀರಾವರಿ ಲೆಕ್ಕದಲ್ಲಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅದರಲ್ಲಿ ಸ್ಥಿರ ದರ ಎಂಬುದೇ ಇಲ್ಲ, ವೇಗ ಇಳಿಯುತ್ತಲೇ ಹೋಗುತ್ತದೆ. ನಮ್ಮ ಪಟ್ಟಿಯ 10 ಮತ್ತು 60ನೇ ನಿಮಿಷದ ಅಂಕಿಗಳಿಗೆ ಅದನ್ನು ಹೊಂದಿಸಿ ಒಂದು ಹಗಲು ಒಂದು ರಾತ್ರಿ ಮುಂದಕ್ಕೆ ಒಯ್ದರೆ ಗಂಟೆಗೆ 10 ಮಿ.ಮೀ. ಎನ್ನುತ್ತದೆ, ಅಳೆದ ಸ್ಥಿರ ದರದ ಅರ್ಧ. ಅಳೆದ ಹೊತ್ತಿನ ಒಳಗೆ ಅದು ಕೆಲಸಕ್ಕೆ ಬರುತ್ತದೆ, ಅದರಾಚೆಗೆ ನಂಬಲಾಗದು.

ಸೂತ್ರ ಹೊಂದಿಸಿಕೊಂಡು ಮಾಡುವುದೇನು ಎಂಬುದಕ್ಕೆ ಕೃಷಿ ಹೊಂಡದ ಲೆಕ್ಕವನ್ನೇ ತೆಗೆದುಕೊಳ್ಳೋಣ. ಈ ಒಣ ಹೊಲದ ಮೇಲೆ ಗಂಟೆಗೆ 40 ಮಿ.ಮೀ. ರಭಸದಲ್ಲಿ ಒಂದು ಗಂಟೆ ಮಳೆ ಬಂತು. ಹರಿದು ಹೊಂಡ ಸೇರುವ ನೀರೆಷ್ಟು? ಸ್ಥಿರ ದರವೊಂದನ್ನೇ ಹಿಡಿದವರು 40ರಲ್ಲಿ 20 ಕಳೆದು 20 ಮಿ.ಮೀ. ಎನ್ನುತ್ತಾರೆ. ಒಂದು ಎಕರೆಗೆ 1 ಮಿ.ಮೀ. ಎಂದರೆ ಸುಮಾರು 4,000 ಲೀಟರ್, ಹಾಗಾಗಿ 80,000 ಲೀಟರ್.

ಗೆರೆಯನ್ನು ನೋಡುವವರು, ವೇಗ 40ಕ್ಕೆ ಇಳಿಯುವುದು 26ನೇ ನಿಮಿಷಕ್ಕೆ, ಅಲ್ಲಿಂದ ನೀರು ಹರಿಯುತ್ತದೆ ಎನ್ನುತ್ತಾರೆ. ಹಾಗೆ ಲೆಕ್ಕ ಹಾಕಿದರೆ ಹರಿವು ಸುಮಾರು 6 ಮಿ.ಮೀ. ಇದರಲ್ಲೂ ತಪ್ಪಿದೆ, ಬಹಳ ಜನ ಇಲ್ಲೇ ಎಡವುತ್ತಾರೆ. ರಿಂಗಿನಲ್ಲಿ ಮೊದಲ ನಿಮಿಷದಿಂದಲೇ ನೀರು ನಿಂತಿತ್ತು, ಮಣ್ಣು ತನ್ನ ಶಕ್ತಿಯಿದ್ದಷ್ಟನ್ನೂ ಕುಡಿಯಿತು. ಹಾಗೆ 26 ನಿಮಿಷಕ್ಕೆ 26.3 ಮಿ.ಮೀ. ಇಂಗಿದ ಮೇಲೆ ಅದರ ವೇಗ 40ಕ್ಕೆ ಇಳಿಯಿತು. ಮಳೆ ಆ ಹೊತ್ತಿಗೆ ಕೊಟ್ಟಿರುವುದು 17 ಮಿ.ಮೀ. ಮಾತ್ರ. ಮಣ್ಣಿನ ವೇಗ ಇಳಿಯುವುದು ಗಡಿಯಾರ ನೋಡಿ ಅಲ್ಲ, ಒಳಗೆ ಹೋದ ನೀರಿನ ಪ್ರಮಾಣ ನೋಡಿ. ಮಳೆ 26.3 ಮಿ.ಮೀ. ಕೊಡಲು ಹಿಡಿಯುವುದು 39 ನಿಮಿಷ. ನೆಲದ ಮೇಲೆ ನೀರು ನಿಲ್ಲುವುದು ಆಗ. ಅಲ್ಲಿಂದ ಉಳಿದ 21 ನಿಮಿಷಕ್ಕೆ ಗೆರೆಯನ್ನು ಹಿಂದಕ್ಕೆ ಜರುಗಿಸಿ ಕೂಡಿಸಿದರೆ ಒಟ್ಟು ಇಂಗುವುದು 37.4, ಹರಿಯುವುದು 2.6 ಮಿ.ಮೀ. ಎಕರೆಗೆ ಹತ್ತು ಸಾವಿರ ಲೀಟರ್ ಚಿಲ್ಲರೆ. ಮೊದಲ ಲೆಕ್ಕ ಹಾಕಿ ಹೊಂಡ ತೋಡಿಸಿಕೊಂಡ ರೈತ ಮೊದಲ ಮಳೆಗೆ ಎಂಟರಲ್ಲಿ ಒಂದು ಪಾಲು ನೀರು ಕಾಣುತ್ತಾನೆ.

ಮರುದಿನ ಅಂಥದೇ ಮಳೆ ಬಂದರೆ ಕತೆ ಬೇರೆ. ನೆಲ ತೊಯ್ದಿದೆ, ಹೀರುವ ಬಲ ಹೋಗಿದೆ, f0 ಇಳಿದು fc ಹತ್ತಿರ ಬಂದಿದೆ. ಆಗ ಆ 80,000 ಲೀಟರಿನ ಲೆಕ್ಕ ಸತ್ಯಕ್ಕೆ ಹತ್ತಿರವಾಗುತ್ತದೆ. f0 ಮತ್ತು k ಪರೀಕ್ಷೆಯ ದಿನದ ತೇವಕ್ಕೆ ಅಂಟಿಕೊಂಡ ಅಂಕಿಗಳು, fc ಅಷ್ಟಾಗಿ ಬದಲಾಗದು. ಹಾಗಾಗಿ ಪರೀಕ್ಷೆಯ ದಿನ ಪಕ್ಕದ ಮಣ್ಣನ್ನು ಒಂದು ಡಬ್ಬಿಯಲ್ಲಿ ಮುಚ್ಚಿ ತಂದು, ಒಣಗಿಸಿ ತೂಗಿ, ತೇವ ಎಷ್ಟಿತ್ತು ಎಂದು ಬರೆದಿಡದಿದ್ದರೆ ಈ ಎರಡು ಅಂಕಿಗಳನ್ನು ಮುಂದೆ ಯಾರೂ ಬಳಸಲಾರರು.

ಗೆರೆ ಹೊಂದದೇ ಹೋಗುವ ಮಣ್ಣುಗಳೂ ಇವೆ, ಹೊಂದದಿರುವುದೇ ಅಲ್ಲಿ ಸುದ್ದಿ. ಬಯಲುಸೀಮೆಯ ಎರೆ ಹೊಲ ಬೇಸಿಗೆಯಲ್ಲಿ ಬಿರುಕು ಬಿಟ್ಟಿರುತ್ತದೆ. ರಿಂಗಿನೊಳಗೆ ಒಂದು ಬಿರುಕು ಸಿಕ್ಕಿದರೆ ಮೊದಲು ನೀರು ಸುರಿದಷ್ಟೂ ಇಳಿಯುತ್ತದೆ, ಮಣ್ಣು ಊದಿ ಬಿರುಕು ಮುಚ್ಚಿದ ಮೇಲೆ ಒಮ್ಮೆಲೇ ನಿಂತುಬಿಡುತ್ತದೆ. ಅಲ್ಲಿ ಲಾಗ್ ಚುಕ್ಕಿಗಳು ಒಂದೇ ಗೆರೆಗೆ ಬರುವುದಿಲ್ಲ, ಎರಡು ತುಂಡಾಗುತ್ತವೆ. ಅಂಥ ನಿಧಾನದ ಮಣ್ಣಿನಲ್ಲಿ ಆವಿಯಾಗುವ ನೀರನ್ನೂ ಕಡೆಗಣಿಸುವಂತಿಲ್ಲ. ಪಕ್ಕದಲ್ಲೊಂದು ತಟ್ಟೆಯಲ್ಲಿ ನೀರಿಟ್ಟು ಅದರ ಇಳಿತವನ್ನು ಕಳೆಯಬೇಕು. ಕೆಂಪು ಹೊಲದಲ್ಲಿ ಸ್ಥಿರವಾದ ವೇಗ ಒಂದೂವರೆ ಎರಡು ಗಂಟೆಯ ಮೇಲೆ ಮತ್ತೆ ಕೆಳಕ್ಕೆ ಬಿದ್ದರೆ, ತೇವ ಹೋಗಿ ನೇಗಿಲ ಅಡಿಯ ಗಟ್ಟಿ ಪದರಕ್ಕೋ ಜೇಡಿ ಪದರಕ್ಕೋ ತಾಗಿದೆ ಎಂದರ್ಥ. ಅದನ್ನು ಅಳತೆಯ ತಪ್ಪೆಂದು ಅಳಿಸಬಾರದು, ಗುದ್ದಲಿ ತೆಗೆದು ಅಲ್ಲೇ ಅಗೆದು ನೋಡಬೇಕು.

ಕೆಂಪು ಮಣ್ಣಿಗೆ ಇನ್ನೊಂದು ಗುಣವಿದೆ. ಮಳೆಹನಿಗಳ ಹೊಡೆತಕ್ಕೆ ಅದರ ಮೇಲ್ಮೈ ಹೆಪ್ಪುಗಟ್ಟಿ ತೆಳು ಹೊರಪದರ ಕಟ್ಟುತ್ತದೆ. ರಿಂಗಿನಲ್ಲಿ ಹನಿಯ ಹೊಡೆತವಿಲ್ಲ, ಗೋಣಿತಾಟು ಹಾಸಿ ಮೆಲ್ಲಗೆ ನೀರು ನಿಲ್ಲಿಸಿದ್ದೇವೆ. ಆದ್ದರಿಂದ ಮೇಲಿನ 2.6 ಮಿ.ಮೀ. ಹೊರಪದರ ಕಟ್ಟದ ನೆಲದ ಲೆಕ್ಕ. ಸೊಪ್ಪುಸದೆ ಹೊದಿಸಿದ ಹೊಲಕ್ಕೆ ಅದು ಹತ್ತಿರ, ಬರಿಮೈ ಬಿಟ್ಟ ಹೊಲದಲ್ಲಿ ಹರಿವು ಅದಕ್ಕಿಂತ ಹೆಚ್ಚಾಗುತ್ತದೆ. ಬರಿ ನೆಲಕ್ಕೆ ಅಂಕಿ ಬೇಕಿದ್ದರೆ ಒಂದೆರಡು ಬಿರುಮಳೆ ಬಿದ್ದು, ಹೊರಪದರ ಕಟ್ಟಿ, ನೆಲ ಮತ್ತೆ ಆರಿದ ಮೇಲೆ, ಆ ಪದರ ಒಡೆಯದಂತೆ ರಿಂಗು ಊರಿ ಇನ್ನೊಂದು ಪರೀಕ್ಷೆ ಮಾಡಬೇಕು.

ಕೊನೆಯದಾಗಿ ಜಾಗದ ಮಾತು. ಒಂದೇ ಹೊಲದಲ್ಲಿ ಹತ್ತು ಹೆಜ್ಜೆ ಆಚೆ ಈಚೆ ಸ್ಥಿರ ದರ ಎರಡು ಮೂರು ಪಟ್ಟು ಬೇರೆಯಾಗುವುದು ಸಾಮಾನ್ಯ. ಒಂದು ಕಡೆ ಗೆದ್ದಲಿನ ದಾರಿ, ಇನ್ನೊಂದು ಕಡೆ ಟ್ರ್ಯಾಕ್ಟರ್ ಚಕ್ರ ತುಳಿದ ಜಾಡು. ಇಳಿಜಾರಿನ ಮೇಲೆ, ನಡುವೆ, ಕೆಳಗೆ ಎಂದು ಕನಿಷ್ಠ ಮೂರು ನಾಲ್ಕು ಕಡೆ ಮಾಡಿ, ಪ್ರತಿಯೊಂದಕ್ಕೂ ಬೇರೆಬೇರೆ ಗೆರೆ ಹೊಂದಿಸಬೇಕು. ಸರಾಸರಿ ಬೇಕಾದರೆ ಸುಮ್ಮನೆ ಕೂಡಿ ಭಾಗಿಸದೆ ಗುಣೋತ್ತರ ಸರಾಸರಿ ತೆಗೆಯುವುದು ವಾಸಿ. 10, 20, 80 ಎಂದು ಮೂರು ಕಡೆ ಬಂದಿದ್ದರೆ ಕೂಡಿ ಭಾಗಿಸಿದ ಸರಾಸರಿ 37 ಎನ್ನುತ್ತದೆ, ಗುಣೋತ್ತರ ಸರಾಸರಿ 25 ಎನ್ನುತ್ತದೆ. ಆ 80 ಬಂದ ಜಾಗಕ್ಕೆ ಮತ್ತೆ ಹೋಗಿ ರಿಂಗಿನ ಬುಡದಲ್ಲಿ ಸಂದು ಬಿಟ್ಟಿತ್ತೇ, ಗೆದ್ದಲಿನ ತೂತಿತ್ತೇ ಎಂದು ಅಗೆದು ನೋಡಿದ ಮೇಲೆಯೇ ಅದನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ತೀರ್ಮಾನಿಸಬೇಕು.